ಒಂದು ಜಾತಕ, ಮೊದಲಿಂದ ಕೊನೇವರೆಗೂ: ನೀಚ ಶನಿ ಕಂಡ ತಕ್ಷಣ ಪೆನ್ನು ಕೆಳಗಿಡಿ

ಎಲ್ಲರಿಗೂ ಬೋರ್ಡು ಕಾಣ್ತಿದ್ಯಾ? ಹಿಂದೆ ಕೂತಿರೋರು ಬೇಕಾದ್ರೆ ಮುಂದೆ ಬನ್ನಿ, ಇವತ್ತು ಚಿತ್ರ ನೋಡ್ಕೊಂಡೇ ಮಾತಾಡ್ಬೇಕು. ಇಷ್ಟು ವಾರ ರಾಶಿ ಕಲಿತ್ವಿ, ಗ್ರಹ ಕಲಿತ್ವಿ, ದೃಷ್ಟಿ ಕಲಿತ್ವಿ, ಎಲ್ಲ ಬಿಡಿಬಿಡಿಯಾಗಿ. ಇವತ್ತು ಒಂದೇ ಒಂದು ಜಾತಕ ತಗೊಂಡು ಪೂರ್ತಿ ಓದೋಣ, ಯಾವುದು ಮೊದಲು ನೋಡ್ಬೇಕು, ಯಾವುದು ಆಮೇಲೆ ಅಂತ.

ಜಾತಕ ನನ್ನ ಹತ್ರ ಬಂದಿದ್ದು ಹೀಗೆ. ಗುಬ್ಬಿ ಕಡೆಯಿಂದ ಒಬ್ಬ ತಾಯಿ ಮಗನ ಮದುವೆ ವಿಷಯಕ್ಕೆ ಬಂದಿದ್ರು. ಹುಡುಗ ಹುಟ್ಟಿದ್ದು ತುಮಕೂರಲ್ಲಿ, 2000ನೇ ಇಸವಿ ಜನವರಿ 1, ಶನಿವಾರ, ಟೈಮ್ 10.00. ಬೇರೆ ಕಡೆ ಇಬ್ಬರಿಗೆ ತೋರಿಸಿದ್ರಂತೆ. ಒಬ್ರು ಶನಿ ನೀಚ, ಅದರಲ್ಲೂ ವಕ್ರಿ, ಅದೂ ಭಾಗ್ಯಸ್ಥಾನದಲ್ಲಿ, ಈ ಹುಡುಗನಿಗೆ ಭಾಗ್ಯವೇ ಇಲ್ಲ ಅಂದ್ರಂತೆ. ಇನ್ನೊಬ್ರು ಏಳರಲ್ಲಿ ಕುಜ, ಗಟ್ಟಿ ಕುಜದೋಷ, ದೋಷ ಇರೋ ಹುಡುಗೀನೇ ಹುಡುಕಿ ಅಂದ್ರಂತೆ. ಆಯಮ್ಮ ಚೀಲದಿಂದ ಆ ಕಾಗದ ತೆಗೀಬೇಕಾದ್ರೆ ಕೈ ನಡುಗ್ತಿತ್ತು, ನಾನು ಕಣ್ಣಾರೆ ನೋಡಿದೀನಿ. ಅದಕ್ಕೇ ಈ ಜಾತಕವನ್ನೇ ಇಲ್ಲಿ ತಂದಿದೀನಿ, ಅವರ ಒಪ್ಪಿಗೆ ತಗೊಂಡೇ, ಹೆಸರು ಬೇಡ ಅಷ್ಟೇ.

ಈಗ ಬೋರ್ಡು ನೋಡಿ. ನಮ್ಮ ಕಡೆ ಚೌಕದ ಕುಂಡಲಿ, ರಾಶಿಗಳು ಜಾಗ ಬದಲಾಯಿಸಲ್ಲ, ಮೇಲೆ ಎಡಗಡೆ ಮೂಲೆ ಮೀನ, ಅದರ ಪಕ್ಕ ಮೇಷ, ಅಲ್ಲಿಂದ ಗಡಿಯಾರದ ಮುಳ್ಳು ಹೋದ ಹಾಗೆ ವೃಷಭ, ಮಿಥುನ ಅಂತ ಸುತ್ತು ಹೋಗತ್ತೆ. ಗ್ರಹ ಬರ್ಕೊಳ್ಳಿ: ಮೇಷದಲ್ಲಿ ಗುರು 1 ಡಿಗ್ರಿ, ಶನಿ 16 ಡಿಗ್ರಿ, ಶನಿ ವಕ್ರಿ. ಕರ್ಕದಲ್ಲಿ ರಾಹು. ತುಲೆಯಲ್ಲಿ ಚಂದ್ರ 21 ಡಿಗ್ರಿ 44 ನಿಮಿಷ. ವೃಶ್ಚಿಕದಲ್ಲಿ ಶುಕ್ರ, ಸುಮಾರು 8 ಡಿಗ್ರಿ. ಧನುಸ್ಸಲ್ಲಿ ರವಿ 16, ಬುಧ 8. ಮಕರದಲ್ಲಿ ಕೇತು. ಕುಂಭದಲ್ಲಿ ಕುಜ 4 ಡಿಗ್ರಿ. ಲಗ್ನ ಸಿಂಹ, ಸುಮಾರು 12 ಡಿಗ್ರಿ. ಇದು ಲಾಹಿರಿ ಅಯನಾಂಶದ ಲೆಕ್ಕ.

ಫಲ ಹೇಳೋಕೆ ಮುಂಚೆ ಮಾಡೋ ಕೆಲಸ ಒಂದಿದೆ, ಇದನ್ನ ಯಾರೂ ಮಾಡಲ್ಲ: ಜಾತಕ ಸರಿಯಾಗಿದ್ಯಾ ಅಂತ ನೋಡೋದು. ಟೈಮ್ ಬರೀ 10.00 ಅಂತ ಇತ್ತು ಅಂದ್ನಲ್ಲ, ಬೆಳಗ್ಗೇನಾ ರಾತ್ರೀನಾ ಬರೆದಿರಲಿಲ್ಲ. ತಾಯಿ ರಾತ್ರಿ ಅಂದ್ರು, ಊಟ ಆದ್ಮೇಲೆ ನೋವು ಶುರುವಾಯ್ತು ಅಂತ ಅವರಿಗೆ ಚೆನ್ನಾಗಿ ನೆನಪಿದೆ. ಆದ್ರೆ ಅವರು ತಂದಿದ್ದ ಎರಡು ಕಾಗದದಲ್ಲಿ ಒಂದರಲ್ಲಿ ಸಿಂಹ ಲಗ್ನ, ವಿಶಾಖ ನಕ್ಷತ್ರ, ಇನ್ನೊಂದರಲ್ಲಿ ಕುಂಭ ಲಗ್ನ, ಸ್ವಾತಿ ನಕ್ಷತ್ರ! ಎರಡನೇದನ್ನ ಮೊಬೈಲ್ ಆಪಲ್ಲಿ ಬೆಳಗ್ಗೆ ಹತ್ತು ಅಂತ ಹಾಕಿ ತೆಗೆದಿದಾರೆ.

ಯಾವುದು ಸರಿ ಅಂತ ಆಪ್ ಇಲ್ದೇನೇ ಕಣ್ಣಲ್ಲೇ ಹೇಳಬಹುದು, ರವಿ ಯಾವ ಮನೇಲಿದಾನೆ ನೋಡಿ ಸಾಕು. ಸೂರ್ಯ ಹುಟ್ಟೋ ಹೊತ್ತಲ್ಲಿ ರವಿ ಲಗ್ನದಲ್ಲೇ ಇರ್ತಾನೆ. ಮಧ್ಯಾಹ್ನದ ಹೊತ್ತಿಗೆ ಹತ್ತನೇ ಮನೆ, ಮುಳುಗೋ ಹೊತ್ತಿಗೆ ಏಳು, ನಡುರಾತ್ರಿಗೆ ನಾಲ್ಕು. ಅಂದ್ರೆ ಹೊತ್ತು ಏರ್ತಾ ಏರ್ತಾ ರವಿ ಮನೆಗಳಲ್ಲಿ ಹಿಂದಕ್ಕೆ ಹೋಗ್ತಾನೆ, ಸುಮಾರು ಎರಡೆರಡು ಗಂಟೆಗೆ ಒಂದೊಂದು ಮನೆ. ಸಿಂಹ ಲಗ್ನದ ಕಾಗದದಲ್ಲಿ ಧನುಸ್ಸಿನ ರವಿ ಐದನೇ ಮನೆ, ಅಂದ್ರೆ ಸಂಜೆ ಕಳೆದಿದೆ, ನಡುರಾತ್ರಿ ಇನ್ನೂ ಆಗಿಲ್ಲ, ರಾತ್ರಿ ಹತ್ತಕ್ಕೆ ಸರಿಹೋಗತ್ತೆ. ಕುಂಭ ಲಗ್ನದ ಕಾಗದದಲ್ಲಿ ರವಿ ಹನ್ನೊಂದು, ಅದು ಬೆಳಗ್ಗೆ ಹತ್ತರ ಜಾತಕ. ತಾಯಿ ಮಾತಿಗೆ ಹೊಂದೋದು ಸಿಂಹ ಲಗ್ನ. ಈ ಒಂದು ಪರೀಕ್ಷೆಗೆ ಅರ್ಧ ನಿಮಿಷ ಸಾಕು, ಯಾವ ಜಾತಕ ಕೈಗೆ ಬಂದ್ರೂ ಮೊದ್ಲು ಇದನ್ನ ಮಾಡಿ.

ನಕ್ಷತ್ರದ ವ್ಯತ್ಯಾಸಾನೂ ಇದರಿಂದಾನೇ ಬಂದಿದ್ದು. ಅವತ್ತು ಸಂಜೆ ಸುಮಾರು ಆರೂವರೆವರೆಗೂ ಸ್ವಾತಿ, ಆಮೇಲೆ ವಿಶಾಖ. ಬೆಳಗ್ಗೆ ಹುಟ್ಟಿದ್ರೆ ಸ್ವಾತಿ, ರಾತ್ರಿ ಹುಟ್ಟಿದ್ರೆ ವಿಶಾಖ ಒಂದನೇ ಪಾದ. ಗೋಡೆ ಕ್ಯಾಲೆಂಡರಲ್ಲಿ ಅವತ್ತಿನ ನಕ್ಷತ್ರ ನೋಡಿ ಬರ್ಕೊಂಡ್ರೂ ಇದೇ ತಪ್ಪಾಗತ್ತೆ. ದಶೆಗೆ ಬಂದಾಗ ಇದರ ಪೆಟ್ಟು ಎಷ್ಟು ಅಂತ ತೋರಿಸ್ತೀನಿ.

ಈಗ ಓದೋಕೆ ಶುರು ಮಾಡೋಣ, ಎಲ್ಲಿಂದ? ಯಾರೋ ಶನಿ ಅಂದ್ರು, ಇಲ್ಲಮ್ಮ, ಶನಿ ಹತ್ರ ಈಗ್ಲೇ ಹೋಗ್ಬೇಡಿ. ಕಣ್ಣಿಗೆ ಹೊಡೆಯೋದನ್ನ ಮೊದಲು ಓದಿದ್ರೆ ಉಳಿದಿದ್ದೆಲ್ಲ ಅದರ ಬಣ್ಣದಲ್ಲೇ ಕಾಣತ್ತೆ, ಆ ಇಬ್ಬರಿಗೂ ಆಗಿದ್ದು ಅದೇ. ಮೊದಲು ಲಗ್ನ, ಲಗ್ನಾಧಿಪತಿ, ಆಮೇಲೆ ಚಂದ್ರ. ಈ ಮೂರು ಗಟ್ಟಿ ಇದ್ರೆ ಬೇರೆ ಕಡೆ ಪೆಟ್ಟು ಬಿದ್ರೂ ತಡ್ಕೊಳ್ಳೋ ಶಕ್ತಿ ಇದೆ ಅಂತ, ಈ ಮೂರು ಕುಸಿದಿದ್ರೆ ಒಳ್ಳೆ ಯೋಗ ಇದ್ರೂ ಅನುಭವಿಸೋಕೆ ಆಗಲ್ಲ ಅಂತ.

ಲಗ್ನ ಸಿಂಹ, ಅಧಿಪತಿ ರವಿ. ರವಿ ಐದನೇ ಮನೆ ಧನುಸ್ಸಲ್ಲಿ, ತ್ರಿಕೋಣ, ಮಿತ್ರ ಗುರುವಿನ ಮನೆ. ಚೆನ್ನಾಗಿದೆ. ಗುರು ಎಲ್ಲಿದಾನೆ? ಮೇಷದಲ್ಲಿ, ಒಂಬತ್ತನೇ ಮನೆ. ಈಗ ಗುರುವಿನ ದೃಷ್ಟಿ ಎಣಿಸಿ, ಗ್ರಹ ಕೂತಿರೋ ಮನೇನ ಒಂದು ಅಂತಾನೇ ಎಣಿಸ್ಬೇಕು, ಹೋದ ವಾರ ಅರ್ಧ ಜನ ಪಕ್ಕದ ಮನೆಯಿಂದ ಒಂದು ಅಂತ ಶುರು ಮಾಡಿದ್ರಿ. ಮೇಷ ಒಂದು, ವೃಷಭ ಎರಡು, ಮಿಥುನ ಮೂರು, ಕರ್ಕ ನಾಲ್ಕು, ಸಿಂಹ ಐದು. ಗುರುವಿನ ಐದನೇ ದೃಷ್ಟಿ ಲಗ್ನದ ಮೇಲೆ! ಏಳನೇ ದೃಷ್ಟಿ ತುಲೆ ಮೇಲೆ, ಅಲ್ಲಿ ಚಂದ್ರ ಇದಾನೆ. ಒಂಬತ್ತನೇ ದೃಷ್ಟಿ ಧನುಸ್ಸಿನ ಮೇಲೆ, ಅಲ್ಲಿ ಲಗ್ನಾಧಿಪತಿ ರವಿ. ನಾವು ಮೊದಲು ನೋಡ್ಬೇಕು ಅಂದ್ಕೊಂಡ ಮೂರಕ್ಕೂ ಒಂದೇ ಗುರು ದೃಷ್ಟಿ ಬಿದ್ದಿದೆ. ಮೇಷದ ಮೊದಲ ನವಾಂಶದಲ್ಲಿ ಇರೋದ್ರಿಂದ ಗುರು ನವಾಂಶದಲ್ಲೂ ಮೇಷವೇ, ಅಂದ್ರೆ ವರ್ಗೋತ್ತಮ, ಮಾತಿಗೆ ತೂಕ ಇರೋ ಗುರು. ಸಿಂಹ ಲಗ್ನಕ್ಕೆ ಅವನು ಐದರ ಜೊತೆ ಎಂಟಕ್ಕೂ ಅಧಿಪತಿ, ಅದೊಂದು ಕೊರೆ ಇದೆ, ಮರೀಬಾರದು, ಆದ್ರೂ ಈ ಜಾತಕದ ದೊಡ್ಡ ಆಸ್ತಿ ಅಂದ್ರೆ ಇದೇನೇ. ಆಯಮ್ಮನಿಗೆ ಯಾರೂ ಇದನ್ನ ಹೇಳೇ ಇರಲಿಲ್ಲ.

ಚಂದ್ರ ಒಂದು ಸ್ವಲ್ಪ ವೀಕು. ರವಿಗೂ ಚಂದ್ರನಿಗೂ ದೂರ 55 ಡಿಗ್ರಿ, ಅಮಾವಾಸ್ಯೆ ಕಡೆ ಹೋಗ್ತಿರೋ ಚಂದ್ರ, ಬಹುಳ ಏಕಾದಶಿ. ಹನ್ನೆರಡರ ಅಧಿಪತಿ ಬೇರೆ, ಮೂರನೇ ಮನೇಲಿ ಇದಾನೆ, ಶನಿ ಏಳನೇ ದೃಷ್ಟಿಯಿಂದ ನೋಡ್ತಿದಾನೆ. ಹುಡುಗ ಮನಸಲ್ಲಿರೋದನ್ನ ಬೇಗ ಹೇಳಲ್ಲ, ಒಳಗೇ ಯೋಚನೆ ಮಾಡ್ತಾನೆ ಅಂತ ನಾನು ಓದಿದೆ. ಅದೇ ಗುರು ದೃಷ್ಟಿ ಇರೋದ್ರಿಂದ ಕುಗ್ಗಿ ಕೂರಲ್ಲ.

ಈಗ ಶನಿಗೆ ಬನ್ನಿ. ಮೇಷದಲ್ಲಿ ಶನಿ ನೀಚ, ಅದು ನಿಜ, ಪರಮ ನೀಚ 20 ಡಿಗ್ರಿ, ಇವನು 16ರಲ್ಲಿ ಇದಾನೆ, ಹತ್ರಾನೇ. ಆದ್ರೆ ನೀಚ ಅಂತ ಕಂಡ ತಕ್ಷಣ ಪೆನ್ನು ಕೆಳಗಿಟ್ಟು ಎರಡು ಪ್ರಶ್ನೆ ಕೇಳ್ಬೇಕು. ಒಂದು, ನೀಚನಾಗಿರೋ ರಾಶಿಯ ಯಜಮಾನ ಎಲ್ಲಿದಾನೆ? ಮೇಷದ ಯಜಮಾನ ಕುಜ, ಕುಂಭದಲ್ಲಿ, ಲಗ್ನದಿಂದ ಏಳು, ಕೇಂದ್ರ. ಎರಡು, ಆ ಗ್ರಹ ಉಚ್ಚನಾಗೋ ರಾಶಿಯ ಯಜಮಾನ ಎಲ್ಲಿದಾನೆ? ಶನಿಗೆ ಉಚ್ಚ ತುಲೆ, ಅದರ ಯಜಮಾನ ಶುಕ್ರ, ವೃಶ್ಚಿಕದಲ್ಲಿ, ಲಗ್ನದಿಂದ ನಾಲ್ಕು, ಅದೂ ಕೇಂದ್ರ. ಎರಡಕ್ಕೂ ಹೌದು ಅಂತ ಉತ್ತರ ಬಂತು. ಇದೇ ನೀಚಭಂಗ.

ಇಲ್ಲಿ ಒಂದು ಎಚ್ಚರಿಕೆ ಹೇಳ್ಬೇಕು. ನೀಚಭಂಗ ಅಂದ ತಕ್ಷಣ ರಾಜಯೋಗ ಅಂತ ಕೂಗ್ಬೇಡಿ, ನೀಚ ಅಂದ ತಕ್ಷಣ ಹೆದರಿಸೋದು ಎಷ್ಟು ತಪ್ಪೋ ಇದೂ ಅಷ್ಟೇ ತಪ್ಪು. ಭಂಗ ಅಂದ್ರೆ ಮೊದಲು ಕಷ್ಟ, ಆಮೇಲೆ ಅದೇ ವಿಷಯದಲ್ಲಿ ಎದ್ದು ನಿಲ್ಲೋದು, ನನ್ನ ಅನುಭವದಲ್ಲಿ ಹೀಗೇ ಕಂಡಿದೆ. ಸಲೀಸಾಗಿ ಬರೋದಲ್ಲ.

ಇನ್ನೂ ಒಂದಿದೆ ನೋಡಿ, ಶನಿ ಕೂತಿರೋದು ಕುಜನ ಮೇಷದಲ್ಲಿ, ಕುಜ ಕೂತಿರೋದು ಶನಿಯ ಕುಂಭದಲ್ಲಿ. ಒಬ್ಬರ ಮನೇಲಿ ಒಬ್ರು, ಪರಿವರ್ತನೆ. ಹಾಗಾಗಿ ಇವರಿಬ್ಬರನ್ನೂ ಬೇರೆಬೇರೆ ಓದೋಕೇ ಆಗಲ್ಲ. ಶನಿ ಸಿಂಹ ಲಗ್ನಕ್ಕೆ ಆರು, ಏಳರ ಅಧಿಪತಿ. ಆರು ಅಂದ್ರೆ ಸಾಲ, ವ್ಯಾಜ್ಯ, ಏಳು ಅಂದ್ರೆ ಮದುವೆ. ಕುಜ ನಾಲ್ಕು, ಒಂಬತ್ತರ ಅಧಿಪತಿ, ನಾಲ್ಕು ಅಂದ್ರೆ ಜಮೀನು, ಮನೆ, ಒಂಬತ್ತು ಅಂದ್ರೆ ಅಪ್ಪ, ಭಾಗ್ಯ. ಒಂದು ಕೇಂದ್ರ, ಒಂದು ತ್ರಿಕೋಣ ಎರಡಕ್ಕೂ ಯಜಮಾನ ಆಗಿರೋದ್ರಿಂದ ಸಿಂಹ ಲಗ್ನಕ್ಕೆ ಕುಜ ಯೋಗಕಾರಕ. ಅಪ್ಪ, ಜಮೀನು, ವ್ಯಾಜ್ಯ, ಮದುವೆ, ಈ ನಾಲ್ಕೂ ಈ ಜಾತಕದಲ್ಲಿ ಒಂದೇ ಗಂಟಲ್ಲಿ ಕಟ್ಕೊಂಡಿವೆ. ಭಾಗ್ಯವೇ ಇಲ್ಲ ಅನ್ನೋದಕ್ಕೂ ಇದಕ್ಕೂ ಎಷ್ಟು ದೂರ ಇದೆ ನೋಡಿ.

ಇನ್ನು ಕುಜದೋಷ. ಲಗ್ನದಿಂದ ಏಳು, ಲೆಕ್ಕಕ್ಕೆ ದೋಷದ ಸ್ಥಾನವೇ. ಶುಕ್ರನಿಂದ ಎಣಿಸಿದ್ರೂ ನಾಲ್ಕು, ಅದೂ ಪಟ್ಟಿಯಲ್ಲಿದೆ. ಚಂದ್ರನಿಂದ ಐದು, ಅಲ್ಲಿ ಇಲ್ಲ. ಆದ್ರೆ ಸಿಂಹ, ಕರ್ಕ ಲಗ್ನದೋರಿಗೆ ಕುಜ ಯೋಗಕಾರಕ ಆಗಿರೋದ್ರಿಂದ ದೋಷ ಲೆಕ್ಕಕ್ಕೆ ತಗೋಬೇಡಿ ಅನ್ನೋ ಪದ್ಧತಿ ಇದೆ, ನಾನೂ ಅದನ್ನೇ ಒಪ್ತೀನಿ. ನವಾಂಶದಲ್ಲಿ ಇವನು ವೃಶ್ಚಿಕ, ಸ್ವಂತ ಮನೆ, ಗಟ್ಟಿಯಾಗೇ ಇದಾನೆ. ಹಾಗಂತ ಏಳರ ಕುಜ ಏನೂ ಮಾಡಲ್ಲ ಅಂತಲ್ಲ, ಗುರು ದೃಷ್ಟಿ ಏಳನೇ ಮನೆಗೆ ಬಿದ್ದಿಲ್ಲ, ಎಣಿಸಿ ನೋಡಿ, ಹೆಂಡ್ತಿ ಗಟ್ಟಿ ಮಾತಿನೋಳು ಆಗಬಹುದು, ಮನೇಲಿ ಜಟಾಪಟಿ ಇರಬಹುದು. ಅದಕ್ಕೋಸ್ಕರ ಬಂದ ಸಂಬಂಧಗಳನ್ನೆಲ್ಲ ದೋಷ ಇಲ್ಲ ಅನ್ನೋ ಕಾರಣಕ್ಕೆ ವಾಪಸ್ ಕಳಿಸೋ ಅಗತ್ಯ ಇಲ್ಲ. ಅವರು ಹಾಗೇ ಮೂರು ಕಡೆ ಬೇಡ ಅಂದಿದ್ರು.

ಈಗ ಎಲ್ಲರೂ ಬಿಟ್ಟಿರೋ ಗ್ರಹಕ್ಕೆ ಬನ್ನಿ. ಮದುವೆ ಪ್ರಶ್ನೆ ಬಂದಾಗ ಏಳನೇ ಮನೆ, ಅದರ ಅಧಿಪತಿ, ಜೊತೆಗೆ ಕಾರಕ ಶುಕ್ರ, ಮೂರೂ ನೋಡ್ಬೇಕು. ಶುಕ್ರ ನಾಲ್ಕರಲ್ಲಿ ಇದಾನೆ, ಮೇಲ್ನೋಟಕ್ಕೆ ಚೆನ್ನಾಗೇ ಕಾಣತ್ತೆ, ಯಾವ ಪಾಪಗ್ರಹದ ದೃಷ್ಟೀನೂ ಇಲ್ಲ. ನವಾಂಶ ಹಾಕಿ ನೋಡಿ. ವೃಶ್ಚಿಕ ಜಲರಾಶಿ, ನವಾಂಶ ಕರ್ಕದಿಂದ ಶುರು, ಒಂದೊಂದು ಭಾಗ 3 ಡಿಗ್ರಿ 20 ನಿಮಿಷ. 8 ಡಿಗ್ರಿ ಅಂದ್ರೆ ಮೂರನೇ ಭಾಗ, ಕರ್ಕ, ಸಿಂಹ, ಕನ್ಯಾ. ಕನ್ಯಾ ನವಾಂಶ, ಶುಕ್ರನಿಗೆ ನೀಚ! ಮದುವೆ ವಿಷಯದಲ್ಲಿ ಈ ಜಾತಕದ ನಿಜವಾದ ಮೆತ್ತಗಿನ ಜಾಗ ಇದು. ಶನಿ, ಕುಜ ಅಂತ ಎಲ್ಲರೂ ಅಲ್ಲೇ ನೋಡ್ತಾ ಕೂತ್ರು, ಇಲ್ಲಿ ಯಾರ ಕಣ್ಣೂ ಬೀಳ್ಲಿಲ್ಲ. ಇದನ್ನ ಹೇಗೆ ಓದೋದು ಅಂದ್ರೆ, ಹೊರಗೆ ಮನೆ, ಗಾಡಿ, ಸೌಕರ್ಯ ಎಲ್ಲ ಇರತ್ತೆ, ಆದ್ರೆ ಹುಡುಗನಿಗೆ ತಪ್ಪು ಹುಡುಕೋ ಬುದ್ಧಿ, ಯಾವ ಹುಡುಗಿ ನೋಡಿದ್ರೂ ಏನೋ ಒಂದು ಸರಿಯಿಲ್ಲ ಅನ್ನೋದು. ತಾಯಿನ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, ಹೂಂ ಸ್ವಾಮಿ, ನಾವು ಒಪ್ಪಿದ್ರೂ ಅವನು ಒಪ್ಪಲ್ಲ ಅಂದ್ರು.

ಇಲ್ಲಿ ಒಂದು ಮಿತಿ ಇದೆ. ಗ್ರಹಗಳ ನವಾಂಶ ಹೇಳಬಹುದು, ನವಾಂಶ ಲಗ್ನ ಹೇಳೋಕೆ ಹೋಗ್ಬೇಡಿ. ಅವತ್ತು ಸಿಂಹ ಲಗ್ನ ರಾತ್ರಿ ಸುಮಾರು ಒಂಬತ್ತೂಕಾಲರಿಂದ ಹನ್ನೊಂದೂಕಾಲರವರೆಗೆ ಇತ್ತು, ಹಾಗಾಗಿ ಟೈಮ್ ಅರ್ಧ ಗಂಟೆ ಆಚೀಚೆ ಆದ್ರೂ ಲಗ್ನ ಬದಲಾಗಲ್ಲ. ಆದ್ರೆ ನವಾಂಶ ಲಗ್ನ ಹದಿನಾಲ್ಕು ನಿಮಿಷಕ್ಕೆಲ್ಲ ಬದಲಾಗತ್ತೆ. 10.00 ಅಂತ ಗುಂಡಾಗಿ ಬರೆದಿರೋ ಟೈಮಲ್ಲಿ ಅಷ್ಟು ಸೂಕ್ಷ್ಮ ಇರಲ್ಲ.

ಕೊನೇದಾಗಿ ದಶೆ. ಲೆಕ್ಕ ಒಂದ್ಸಲ ಕೈಯಲ್ಲೇ ಮಾಡೋಣ. ಚಂದ್ರ ತುಲೆ 21 ಡಿಗ್ರಿ 44 ನಿಮಿಷ. ವಿಶಾಖ ಶುರುವಾಗೋದು ತುಲೆ 20ಕ್ಕೆ. ಅಂದ್ರೆ 1 ಡಿಗ್ರಿ 44 ನಿಮಿಷ, ಒಟ್ಟು 104 ನಿಮಿಷ ಕಳೆದಿದೆ. ಒಂದು ನಕ್ಷತ್ರಕ್ಕೆ 800 ನಿಮಿಷ. ವಿಶಾಖಕ್ಕೆ ಗುರು ದಶೆ, 16 ವರ್ಷ. 104ನ್ನ 800ರಿಂದ ಭಾಗಿಸಿ 16ರಿಂದ ಗುಣಿಸಿ, 2.08 ವರ್ಷ ಬರತ್ತೆ, ಅಂದ್ರೆ ಎರಡು ವರ್ಷ ಒಂದು ತಿಂಗಳು ಹುಟ್ಟೋಕೆ ಮುಂಚೇನೇ ಕಳೆದಿದೆ. ಉಳಿದಿದ್ದು 13 ವರ್ಷ 11 ತಿಂಗಳು. ಹಾಗಾಗಿ 2013ರ ಡಿಸೆಂಬರ್ ಹೊತ್ತಿಗೆ ಗುರು ದಶೆ ಮುಗಿದು ಶನಿ ದಶೆ ಶುರು, 19 ವರ್ಷ, 2032ರವರೆಗೆ.

ಆ ಸ್ವಾತಿ ಕಾಗದದಲ್ಲಿ ಏನಿತ್ತು ಗೊತ್ತಾ? ಸ್ವಾತಿಗೆ ರಾಹು ದಶೆ, ಅದು 2005ಕ್ಕೆ ಮುಗಿದು ಗುರು ದಶೆ 2021ರವರೆಗೆ ಅಂತ. ಅಂದ್ರೆ ಶನಿ ದಶೆ ಶುರುವಾಗೋದ್ರಲ್ಲಿ ಎರಡು ಕಾಗದಕ್ಕೂ ಸುಮಾರು ಎಂಟು ವರ್ಷ ವ್ಯತ್ಯಾಸ. ಯಾವುದು ಸರಿ ಅಂತ ಜೀವನವನ್ನೇ ಕೇಳ್ಬೇಕು. ನಾನು ಕೇಳಿದ್ದು ಇಷ್ಟೇ, 2013 ಕೊನೆ, 2014ರಲ್ಲಿ ಮನೇಲಿ ಏನಾದ್ರೂ ಬದಲಾಯ್ತಾ? ನನ್ನ ಮನಸಲ್ಲಿ ಇದ್ದಿದ್ದು ಅಪ್ಪನ ಆರೋಗ್ಯ, ಒಂಬತ್ತರಲ್ಲಿ ನೀಚ ಶನಿ ಅಂತ. ಅವರು ಅಪ್ಪನಿಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದಾರೆ, ಆದ್ರೆ ಅದೇ ವರ್ಷ ದಾಯಾದಿಗಳು ಜಮೀನಿನ ಮೇಲೆ ಕೇಸ್ ಹಾಕಿದ್ರು, ತೆಂಗಿನ ತೋಟ ಅರ್ಧ ಅದರಲ್ಲೇ ಸಿಕ್ಕೊಂಡಿದೆ, ಹುಡುಗನ್ನ ಹಾಸ್ಟೆಲ್ಲಿಗೆ ಬಿಟ್ಟಿದ್ದೂ ಆಗ್ಲೇ ಅಂದ್ರು. ನಾನು ಆರೋಗ್ಯ ಅಂದ್ಕೊಂಡಿದ್ದು ತಪ್ಪು. ಆದ್ರೆ ಅಪ್ಪ, ಜಮೀನು, ವ್ಯಾಜ್ಯ ಒಂದೇ ಗಂಟು ಅಂತ ಪರಿವರ್ತನೆ ಹೇಳ್ತಿತ್ತಲ್ಲ, ಅದು ಹಾಗೇ ಬಂತು. ಅದಕ್ಕೇ ಹೇಳೋದು, ಮೊದಲು ಕೇಳಿ, ಆಮೇಲೆ ಹೇಳಿ. ಇನ್ನು ಅಪ್ಪನ ಆಯಸ್ಸು, ಅಮ್ಮನ ಆಯಸ್ಸು ಅಂತ ಮಗನ ಜಾತಕದಲ್ಲಿ ಹುಡುಕೋದನ್ನ ಈ ಗುಂಪಲ್ಲಿ ಯಾರೂ ಮಾಡ್ಬೇಡಿ, ದಯವಿಟ್ಟು.

ಒಂದು ಮಾತು ಅಯನಾಂಶದ ಬಗ್ಗೆ. ನಮ್ಮ ಕಡೆ ತುಂಬಾ ಜನ ರಾಮನ್ ಅಯನಾಂಶ ಇಟ್ಕೊಂಡಿರ್ತಾರೆ, ಲಾಹಿರಿಗಿಂತ ಒಂದೂವರೆ ಡಿಗ್ರಿ ಹತ್ರ ಕಡಿಮೆ. ಅದರಲ್ಲಿ ಚಂದ್ರ ತುಲೆ 23 ದಾಟ್ತಾನೆ, ದಶೆ ಒಂದೂವರೆ ವರ್ಷಕ್ಕಿಂತ ಜಾಸ್ತಿ ಮುಂಚೆ ಶುರುವಾಗತ್ತೆ. ಎರಡು ಆಪ್ ಎರಡು ತಾರೀಖು ತೋರಿಸಿದ್ರೆ ಗಾಬರಿ ಆಗ್ಬೇಡಿ, ಸೆಟ್ಟಿಂಗಲ್ಲಿ ಅಯನಾಂಶ ಏನಿದೆ ಅಂತ ನೋಡಿ. ಯಾವುದಾದ್ರೂ ಒಂದನ್ನ ಹಿಡ್ಕೊಳ್ಳಿ, ಅನುಕೂಲಕ್ಕೆ ತಕ್ಕ ಹಾಗೆ ಬದಲಾಯಿಸ್ಬೇಡಿ.

ಈಗ ತಾಯಿಯ ಪ್ರಶ್ನೆಗೆ ಉತ್ತರ. ಶನಿ ದಶೇಲಿ ಚಂದ್ರ ಭುಕ್ತಿ 2026ರ ಜೂನ್ ಹೊತ್ತಿಗೆ ಮುಗಿಯತ್ತೆ, ಆಮೇಲೆ ಕುಜ ಭುಕ್ತಿ, 2027ರ ಜುಲೈವರೆಗೆ. ದಶಾನಾಥ ಏಳರ ಅಧಿಪತಿ, ಭುಕ್ತಿನಾಥ ಏಳರಲ್ಲೇ ಕೂತಿರೋನು, ಇಬ್ಬರಿಗೂ ಪರಿವರ್ತನೆ. ಅದೇ ಹೊತ್ತಲ್ಲಿ, 2026ರ ಅಕ್ಟೋಬರ್ ಕೊನೆಗೆ ಗುರು ಸಿಂಹಕ್ಕೆ ಬರ್ತಾನೆ, ಅಲ್ಲಿಂದ ಏಳನೇ ದೃಷ್ಟಿ ಕುಂಭಕ್ಕೆ, ಒಂಬತ್ತನೇ ದೃಷ್ಟಿ ಮೇಷದ ಶನಿಗೆ. ಹುಟ್ಟಿದ ಜಾತಕದಲ್ಲಿ ಏಳಕ್ಕೆ ಸಿಗದೇ ಇದ್ದ ಗುರು ದೃಷ್ಟಿ ಗೋಚಾರದಲ್ಲಿ ಆಗ ಸಿಗತ್ತೆ. ಮೂರು ಸಾಕ್ಷಿ ಒಂದೇ ಕಡೆ ಬೆರಳು ತೋರಿಸ್ತಿವೆ, ಹಾಗಾಗಿ ಮದುವೆ ಮಾತು ಕೂಡಿ ಬರೋ ಕಾಲ ಅದು ಅಂತ ಹೇಳಿದೆ. ಇಂಥ ದಿನ ಅಂತ ಹೇಳ್ಲಿಲ್ಲ, ಹೇಳೋಕೆ ಆಗಲ್ಲ.

ಆಯಮ್ಮ ಎದ್ದು ಹೊರಡ್ತಾ ಕೇಳಿದ್ದು, ಹಂಗಾದ್ರೆ ಶಾಂತಿ ಏನಾದ್ರೂ ಮಾಡಿಸ್ಬೇಕಾ ಸ್ವಾಮಿ ಅಂತ. ಈಗ ಬೇಡಮ್ಮ, ಆ ಬೇಡ ಅಂದು ಕಳಿಸಿದ ಮೂರು ಮನೇಲಿ ಯಾವುದಾದ್ರೂ ಇನ್ನೂ ಉಳಿದಿದ್ಯಾ ವಿಚಾರಿಸಿ, ಈ ಸಲ ಹುಡುಗನ್ನ ಕೂರಿಸ್ಕೊಂಡು ಅವನಿಗೇನು ಬೇಕು ಅಂತ ಕೇಳಿ ಅಂದೆ. ಆ ಸ್ವಾತಿ ಕಾಗದ ನನ್ನ ಟೇಬಲ್ ಮೇಲೇ ಬಿಟ್ಟು ಹೋದ್ರು. ಅದರ ಜೆರಾಕ್ಸ್ ಇಲ್ಲಿದೆ, ಒಬ್ಬೊಬ್ರಿಗೆ ಒಂದೊಂದು. ಮುಂದಿನ ವಾರದೊಳಗೆ ಕುಂಭ ಲಗ್ನದಿಂದಾನೂ ಇದನ್ನ ಹೀಗೇ ಓದಿ ಬನ್ನಿ, ಶನಿ ಅಲ್ಲಿ ಲಗ್ನಾಧಿಪತಿ, ಮೂರನೇ ಮನೇಲಿರ್ತಾನೆ, ಎಲ್ಲೆಲ್ಲಿ ಮಾತು ತಿರುಗತ್ತೆ ನೋಡೋಣ.